2,12,400ರ ಬಿಲ್ಲಿಗೆ 2,08,152 ಬಂದಾಗ

“ಸರ್, ನಾಲ್ಕು ಸಾವಿರ ಚಿಲ್ಲರೆ ಮುರ್ಕೊಂಡಿದ್ದಾರೆ. ಮುಂದಿನ ಸರ್ವಿಸ್‌ಗೆ ಹುಡುಗರನ್ನ ಕಳಿಸಲ್ಲ ಅಂತ ಹೇಳಿಬಿಡ್ಲಾ?”

2025ರ ಜನವರಿ 24, ಶುಕ್ರವಾರ ಸಂಜೆ. ಫೋನಿನಲ್ಲಿದ್ದವರು ಪೀಣ್ಯದಲ್ಲಿ ಜನರೇಟರ್ ರಿಪೇರಿ ಮತ್ತು ಸರ್ವಿಸ್ ಮಾಡುವ ಯಜಮಾನರು. ಅವರಂಥ ಹತ್ತಾರು ಸಣ್ಣ ಘಟಕಗಳ ಲೆಕ್ಕ ಬರೆಯುವುದೇ ನನ್ನ ಕಸುಬು. ಒಂದು ಕಾರ್ಖಾನೆಯ ಜನರೇಟರ್‌ಗಳನ್ನು ಬಿಚ್ಚಿ, ತೊಳೆದು, ಕಟ್ಟಿ ಕೊಟ್ಟಿದ್ದಕ್ಕೆ ಅವರು ಡಿಸೆಂಬರ್ 10ರಂದು ಬಿಲ್ ಹಾಕಿದ್ದರು. ಕೆಲಸದ ಬಾಬ್ತು 1,80,000. ಅದರ ಮೇಲೆ ಶೇ 18 ಜಿಎಸ್‌ಟಿ 32,400. ಒಟ್ಟು 2,12,400 ರೂಪಾಯಿ. ಬ್ಯಾಂಕಿಗೆ ಬಂದದ್ದು 2,08,152.

ಕಮ್ಮಿ ಬಂದ 4,248ಕ್ಕೆ ಅವರ ಬಳಿ ಆಗಲೇ ಒಂದು ಕಾರಣ ಸಿದ್ಧವಾಗಿತ್ತು. ಸರ್ವಿಸ್ ಆದ ವಾರಕ್ಕೆ ಕಾರ್ಖಾನೆಯವರು ಒಂದು ಜನರೇಟರಿನಿಂದ ಆಯಿಲ್ ಸೋರುತ್ತಿದೆ ಎಂದು ಕ್ಯಾತೆ ತೆಗೆದಿದ್ದರಂತೆ. ಹುಡುಗ ಹೋಗಿ ಒಂದು ವಾಷರ್ ಬದಲಿಸಿ ಬಂದಿದ್ದ. “ಆ ಸಿಟ್ಟಿಗೇ ಮುರಿದಿದ್ದಾರೆ, ಗ್ಯಾರಂಟಿ” ಎಂದರು.

“ಯಜಮಾನ್ರೇ, ಐದು ನಿಮಿಷ ಕೊಡಿ. ಜಗಳ ಆಮೇಲೂ ಆಡಬಹುದು” ಎಂದು ಕ್ಯಾಲ್ಕ್ಯುಲೇಟರ್ ಎಳೆದುಕೊಂಡೆ.

ಇಂಥ ಫೋನು ಬಂದಾಗ ನಾನು ಮೊದಲು ಮಾಡುವುದು ಒಂದೇ ಒಂದು ಭಾಗಾಕಾರ. ಕಮ್ಮಿ ಬಂದ ಮೊತ್ತವನ್ನು ಜಿಎಸ್‌ಟಿ ಸೇರದ ಬಿಲ್ ಮೊತ್ತದಿಂದ ಭಾಗಿಸುತ್ತೇನೆ. 4,248ನ್ನು 1,80,000ದಿಂದ ಭಾಗಿಸಿದರೆ ಶೇ 2.36 ಬರುತ್ತದೆ. ಸಿಟ್ಟಿನಿಂದ ಮುರಿಯುವವರು ಐದು ಸಾವಿರ, ಹತ್ತು ಸಾವಿರ ಎಂದು ಗುಂಡಾಗಿ ಮುರಿಯುತ್ತಾರೆ, ಶೇ 2.36 ಎಂದು ಲೆಕ್ಕ ಹಾಕಿ ಯಾರೂ ಮುರಿಯುವುದಿಲ್ಲ. ಇದು ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತ ಮಾಡಿದ ಆದಾಯ ತೆರಿಗೆ. ಆದರೆ ಸರಿಯಾಗಿ ಮುರಿದ ಟಿಡಿಎಸ್ ಅಲ್ಲ. ಶೇ 2.36 ಎಂಬ ದರ ಕಾನೂನಿನಲ್ಲಿ ಎಲ್ಲೂ ಇಲ್ಲ. ಅದು ಶೇ 2ನ್ನು 1.18ರಿಂದ ಗುಣಿಸಿದಾಗ ಬರುವ ಸಂಖ್ಯೆ. ಕಾರ್ಖಾನೆಯ ಅಕೌಂಟ್ಸ್‌ನವರು ಜಿಎಸ್‌ಟಿಯನ್ನೂ ಸೇರಿಸಿಕೊಂಡು ಇಡೀ 2,12,400ರ ಮೇಲೆ ಶೇ 2 ಹಿಡಿದಿದ್ದರು.

ಹಿಡಿಯಬೇಕಾಗಿದ್ದದ್ದು ಎಷ್ಟು? ರಿಪೇರಿ, ಸರ್ವಿಸ್, ಜಾಬ್‌ವರ್ಕ್, ಲೇಬರ್ ಕಾಂಟ್ರ್ಯಾಕ್ಟ್ ಇವೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯ 194ಸಿ ಎಂಬ ಕಲಮಿನಡಿ ಬರುತ್ತವೆ. ಕೆಲಸ ಮಾಡಿದವರು ಒಬ್ಬ ವ್ಯಕ್ತಿಯೋ ಹಿಂದೂ ಅವಿಭಕ್ತ ಕುಟುಂಬವೋ ಆಗಿದ್ದರೆ ಶೇ 1, ಪಾಲುದಾರಿಕೆ ಸಂಸ್ಥೆಯೋ ಕಂಪನಿಯೋ ಆಗಿದ್ದರೆ ಶೇ 2. ನಮ್ಮ ಯಜಮಾನರದು ಅವರೊಬ್ಬರದೇ ವ್ಯವಹಾರ, ಹಾಗಾಗಿ ಶೇ 1. ಅದನ್ನೂ ಜಿಎಸ್‌ಟಿ ಬಿಟ್ಟು 1,80,000ದ ಮೇಲೆ ಮಾತ್ರ ಹಿಡಿಯಬೇಕು. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಹಿಡಿಯಬೇಕಿಲ್ಲ ಎಂದು ನೇರ ತೆರಿಗೆ ಮಂಡಳಿ 2017ರ ಜುಲೈ 19ರ ಸುತ್ತೋಲೆಯಲ್ಲೇ ಹೇಳಿದೆ. ‘ತೋರಿಸಿದ್ದರೆ’ ಎಂಬುದನ್ನು ಗಮನಿಸಿ. ‘ಎಲ್ಲ ತೆರಿಗೆ ಸೇರಿ ಇಷ್ಟು’ ಎಂದು ಒಂದೇ ಸಾಲಿನಲ್ಲಿ ಬಿಲ್ ಬರೆದುಕೊಟ್ಟವರು ಆಮೇಲೆ ಗಿರಾಕಿಯನ್ನು ದೂರುವಂತಿಲ್ಲ. ನಮ್ಮವರ ಬಿಲ್ಲಿನಲ್ಲಿ ಎರಡೂ ಬೇರೆ ಬೇರೆ ಇದ್ದವು. ಹಾಗಾಗಿ ಸರಿಯಾದ ಕಡಿತ 1,800. ಹೆಚ್ಚಾಗಿ ಮುರಿದದ್ದು 2,448.

ಇಷ್ಟು ಹೇಳಿದ ಮೇಲೂ ಅವರ ಪ್ರಶ್ನೆ ಹಾಗೇ ಉಳಿದಿತ್ತು. “ಅಂದ್ರೆ ದುಡ್ಡು ಹೋಯ್ತಾ ಸರ್?”

ಹೋಗಿಲ್ಲ. ಬಿಲ್ಲಿನ ದುಡ್ಡು ಪೂರ್ತಿ ಬಂದಿದೆ, ಆದರೆ ಎರಡು ದಾರಿಯಲ್ಲಿ. ಒಂದು ಪಾಲು ಅವರ ಬ್ಯಾಂಕಿಗೆ, ಇನ್ನೊಂದು ಪಾಲು ಅವರದೇ ಪ್ಯಾನ್ ನಂಬರಿನ ಲೆಕ್ಕಕ್ಕೆ ಸರ್ಕಾರದ ಖಜಾನೆಗೆ. ವರ್ಷದ ಕೊನೆಗೆ ಅವರು ಕಟ್ಟಬೇಕಾದ ಆದಾಯ ತೆರಿಗೆಯಲ್ಲಿ ಈ 4,248 ಮುಂಗಡವಾಗಿ ಜಮಾ ಆದಂತೆ. ತೆರಿಗೆ ಅದಕ್ಕಿಂತ ಕಮ್ಮಿ ಬಂದರೆ ಉಳಿದದ್ದು ರೀಫಂಡ್. ಹೆಚ್ಚಾಗಿ ಮುರಿದ 2,448 ಕೂಡ ಹೀಗೇ ವಾಪಸು ಬರುತ್ತದೆ, ತಡವಾಗುತ್ತದೆ ಅಷ್ಟೆ. ಆದರೆ ಗಿರಾಕಿ ಅದನ್ನು ಖಜಾನೆಗೆ ಕಟ್ಟಿ, ಸರಿಯಾದ ಪ್ಯಾನ್ ನಂಬರಿಗೆ ತೋರಿಸಿರಬೇಕು. ತಾಳೆ ನೋಡುವ ಕೆಲಸ ಇರುವುದೇ ಅದಕ್ಕಾಗಿ.

ಸೋಮವಾರ ಕಾರ್ಖಾನೆಯ ಅಕೌಂಟ್ಸ್‌ಗೆ ಫೋನು ಮಾಡಿದೆವು. ಆಯಿಲ್ ಸೋರಿದ ಸುದ್ದಿಯೇ ಅಲ್ಲಿನ ಮೇಡಂಗೆ ಗೊತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ಅವರಲ್ಲಿ ಹೊಸ ಸಾಫ್ಟ್‌ವೇರ್ ಬಂದು, ಸಪ್ಲೈಯರ್‌ಗಳ ಪಟ್ಟಿಯನ್ನೆಲ್ಲ ಹೊಸದಾಗಿ ತುಂಬಿದ್ದರು. ನಮ್ಮ ಯಜಮಾನರ ಅಂಗಡಿ ಹೆಸರಿನ ಕೊನೆಯಲ್ಲಿ ‘ಎಂಟರ್‌ಪ್ರೈಸಸ್’ ಎಂದಿದೆ. ತುಂಬಿದ ಹುಡುಗ ಅದನ್ನು ನೋಡಿ ಪಾಲುದಾರಿಕೆ ಸಂಸ್ಥೆ ಎಂದುಕೊಂಡು ಶೇ 2 ಒತ್ತಿದ್ದ. ಟಿಡಿಎಸ್ ಲೆಕ್ಕ ಹಾಕುವ ಮೊತ್ತದ ಜಾಗದಲ್ಲಿ ‘ಬಿಲ್ಲಿನ ಒಟ್ಟು’ ಎಂದು ಆರಿಸಿದ್ದ. ಜೂನ್ ಮತ್ತು ಸೆಪ್ಟೆಂಬರ್‌ನ ಬಿಲ್ಲುಗಳಲ್ಲಿ ಶೇ 1 ಸರಿಯಾಗೇ ಹಿಡಿದಿದ್ದರು.

ಹೆಸರು ನೋಡಿ ಊಹೆ ಮಾಡುವ ಅಗತ್ಯವೇ ಇರಲಿಲ್ಲ. ಪ್ಯಾನ್ ನಂಬರಿನ ನಾಲ್ಕನೇ ಅಕ್ಷರವೇ ಅದನ್ನು ಹೇಳುತ್ತದೆ. `P` ಇದ್ದರೆ ವ್ಯಕ್ತಿ, `H` ಇದ್ದರೆ ಅವಿಭಕ್ತ ಕುಟುಂಬ, `F` ಇದ್ದರೆ ಪಾಲುದಾರಿಕೆ ಸಂಸ್ಥೆ, `C` ಇದ್ದರೆ ಕಂಪನಿ. ಪ್ಯಾನ್ ಕೈಗೆ ಸಿಗದಿದ್ದರೂ ಚಿಂತೆಯಿಲ್ಲ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಪ್ಯಾನ್ ನಂಬರೇ. ಅಂದರೆ ಬಿಲ್ಲಿನ ತಲೆಯ ಮೇಲೆ ಅಚ್ಚಾಗಿರುವ ಜಿಎಸ್‌ಟಿ ನಂಬರಿನ ಆರನೇ ಅಕ್ಷರ ನೋಡಿದರೆ ಶೇ 1ರವರೋ ಶೇ 2ರವರೋ ಗೊತ್ತಾಗುತ್ತದೆ. ಯಜಮಾನರಿಗೆ ಇದನ್ನು ತೋರಿಸಿದಾಗ ಅವರು ತಮ್ಮ ಬಿಲ್ ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದು ಬೆರಳಿಟ್ಟು ಎಣಿಸಿದರು. ಆರನೆಯದು `P`.

ಒಂದು ಮಾತು ಇಲ್ಲಿ ಹೇಳಲೇಬೇಕು. ಕಂಪನಿಗಳ ಅಕೌಂಟ್ಸ್‌ನವರು ಹೆಚ್ಚು ಮುರಿಯುವುದು ಸಾಮಾನ್ಯ, ಕಮ್ಮಿ ಮುರಿಯುವುದು ಅಪರೂಪ. ಟಿಡಿಎಸ್ ಹಿಡಿಯದೆ ಬಿಟ್ಟರೆ ಆ ಖರ್ಚಿನಲ್ಲಿ ಶೇ 30ನ್ನು ಅವರ ಆದಾಯದ ಲೆಕ್ಕದಲ್ಲಿ ಒಪ್ಪುವುದಿಲ್ಲ, ಮೇಲೆ ಬಡ್ಡಿ ಬೇರೆ. ಹೆಚ್ಚು ಹಿಡಿದರೆ ಅವರಿಗೆ ಏನೂ ಆಗುವುದಿಲ್ಲ, ಕಾಯುವವನು ಸಪ್ಲೈಯರ್. ಹೀಗಿದ್ದಾಗ ಅನುಮಾನ ಬಂದಲ್ಲೆಲ್ಲ ಅವರ ಕೈ ದೊಡ್ಡ ಸಂಖ್ಯೆಯ ಕಡೆಗೇ ಹೋಗುತ್ತದೆ. ಅದರಲ್ಲಿ ದ್ವೇಷವೇನೂ ಇಲ್ಲ.

ಮೇಡಂ ತಪ್ಪನ್ನು ಒಪ್ಪಿಕೊಂಡರು. ಆದರೆ 2,448 ವಾಪಸು ಹಾಕಲು ಒಪ್ಪಲಿಲ್ಲ. ಬಿಲ್ಲನ್ನು ಅವರು ಪುಸ್ತಕಕ್ಕೆ ಏರಿಸಿದ್ದು ಡಿಸೆಂಬರ್ 12ರಂದು. ಟಿಡಿಎಸ್ ಹಿಡಿಯಬೇಕಾದದ್ದು ಬಿಲ್ಲನ್ನು ಪುಸ್ತಕಕ್ಕೆ ಏರಿಸಿದಾಗ ಅಥವಾ ದುಡ್ಡು ಕೊಟ್ಟಾಗ, ಯಾವುದು ಮೊದಲೋ ಆಗ. ಹಿಡಿದದ್ದನ್ನು ಮುಂದಿನ ತಿಂಗಳ 7ರೊಳಗೆ ಖಜಾನೆಗೆ ಕಟ್ಟಬೇಕು. ಹಾಗಾಗಿ ನಮ್ಮ ಯಜಮಾನರ ಬ್ಯಾಂಕಿಗೆ ದುಡ್ಡು ಬರುವ ಹದಿನೇಳು ದಿನ ಮೊದಲೇ, ಜನವರಿ 7ಕ್ಕೇ, ಆ 4,248ರ ಚಲನ್ ಕಟ್ಟಿ ಮುಗಿದಿತ್ತು. ಚಲನ್ ಕಟ್ಟುವ ಮೊದಲೇ ನಮ್ಮ ಕಣ್ಣಿಗೆ ಬಿದ್ದಿದ್ದರೆ ಒತ್ತಾಯ ಮಾಡುತ್ತಿದ್ದೆ. ಈಗ ಮುಂದಿನ ಬಿಲ್ಲಿನಿಂದ ದರ ಸರಿಪಡಿಸಿ ಎಂದು ಕೇಳುವುದೇ ಜಾಣತನ ಎನಿಸಿತು. ಬಾಯಿಮಾತಿನಲ್ಲಿ ಬಿಟ್ಟರೆ ಇನ್ನೊಬ್ಬ ಗುಮಾಸ್ತ ಬಂದಾಗ ಮತ್ತೆ ಅದೇ ಕತೆ. ಅದಕ್ಕೇ ಅಂದೇ ಒಂದು ಮೇಲ್ ಕಳಿಸಿದೆವು:

“ಮೇಡಂ, ನಮ್ಮ 10.12.2024ರ ಬಿಲ್ ಒಟ್ಟು 2,12,400 (ಕೆಲಸದ ಬಾಬ್ತು 1,80,000, ಜಿಎಸ್‌ಟಿ 32,400). ತಮ್ಮಿಂದ 24.01.2025ರಂದು ಬಂದದ್ದು 2,08,152. ವ್ಯತ್ಯಾಸ 4,248ನ್ನು 194ಸಿ ಅಡಿ ಟಿಡಿಎಸ್ ಎಂದು ನಮ್ಮ ಲೆಕ್ಕದಲ್ಲಿ ತೆಗೆದುಕೊಂಡಿದ್ದೇವೆ. ಇದು ಬಿಲ್ಲಿನ ಒಟ್ಟು ಮೊತ್ತದ ಶೇ 2. ನಮ್ಮದು ವ್ಯಕ್ತಿಯ ಪ್ಯಾನ್ ಆದ್ದರಿಂದ ಜಿಎಸ್‌ಟಿ ಬಿಟ್ಟು ಶೇ 1, ಅಂದರೆ 1,800 ಆಗಬೇಕಿತ್ತು. ಮುಂದಿನ ಬಿಲ್ಲುಗಳಿಗೆ ಸರಿಪಡಿಸಿಕೊಡಿ. ಈ ಬಿಲ್ಲಿನ ಪೂರ್ತಿ 4,248 ನಮ್ಮ ಪ್ಯಾನ್‌ಗೆ ಜಮಾ ತೋರಿಸಿ, ಫಾರ್ಮ್ 16ಎ ಕಳಿಸಿಕೊಡಿ. ಈ ಬಿಲ್ಲಿನಲ್ಲಿ ಬೇರೆ ಯಾವ ಕಡಿತವೂ ಇಲ್ಲ ಎಂದು ಖಚಿತಪಡಿಸಿ.”

ಕೊನೆಯ ವಾಕ್ಯ ಚಿಕ್ಕದು, ಆದರೆ ಕೆಲಸದ್ದು. ‘ಬೇರೆ ಕಡಿತ ಇಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದುಬಿಟ್ಟರೆ ಆಯಿಲ್ ಸೋರಿದ ವಿಷಯ ಅಲ್ಲಿಗೆ ಮುಗಿಯಿತು. ಬಂತು.

ಇನ್ನು ನಮ್ಮ ಪುಸ್ತಕದ ಕೆಲಸ. ದುಡ್ಡು ಬಂದ ದಿನ ಬರೆದದ್ದು ಇಷ್ಟೇ:

ಬ್ಯಾಂಕ್ ಖಾತೆಗೆ ಜಮಾ: 2,08,152
ಟಿಡಿಎಸ್ ಬರಬೇಕಾದ್ದು 2024-25: 4,248
ಗಿರಾಕಿಯ ಖಾತೆಯಲ್ಲಿ ತೀರಿದ್ದು: 2,12,400

ಗಿರಾಕಿಯ ಖಾತೆ ಸೊನ್ನೆಗೆ ಬಂತು. 4,248 ಸರ್ಕಾರದಿಂದ ಬರಬೇಕಾದ ಬಾಕಿಯಾಗಿ ಬೇರೆ ಖಾತೆಗೆ ಹೋಯಿತು. ಆ ಖಾತೆಯನ್ನು ವರ್ಷವಾರು ಬೇರೆ ಬೇರೆಯಾಗಿ ತೆರೆಯಬೇಕು. ಎಲ್ಲ ವರ್ಷಗಳದ್ದನ್ನು ಒಂದರಲ್ಲೇ ಸುರಿದವರು ಮೂರು ವರ್ಷದ ನಂತರ ಅದರಲ್ಲಿ ಕೈಯಾಡಿಸಲಾರರು.

ಇದನ್ನು ಬರೆಯದೆ ಜನ ಏನೇನು ಮಾಡುತ್ತಾರೆ ಎಂದು ನೋಡಿದ್ದೇನೆ. ಕೆಲವರು ಕಮ್ಮಿ ಬಂದದ್ದನ್ನು ಗಿರಾಕಿಯ ಬಾಕಿಯಾಗಿಯೇ ಬಿಡುತ್ತಾರೆ. ಪ್ರತಿ ಬಿಲ್ಲಿನಲ್ಲೂ ಒಂದಿಷ್ಟು ಸೇರಿ ಸೇರಿ, ವರ್ಷ ಕಳೆದ ಮೇಲೆ ‘ನಿಮ್ಮಿಂದ ಇಷ್ಟು ಬರಬೇಕು’ ಎಂದು ಕೇಳಲು ಹೋಗಿ ಮುಖಭಂಗ ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ರಗಳೆಯೇ ಬೇಡ ಎಂದು ‘ಡಿಸ್ಕೌಂಟ್’ ಖರ್ಚಿಗೆ ಹಾಕಿ ಮರೆತುಬಿಡುತ್ತಾರೆ. ಇದು ಕೈಯಾರೆ ದುಡ್ಡು ಚೆಲ್ಲಿದ ಹಾಗೆ. ಹೆಚ್ಚು ಅಪಾಯದ್ದು ಮೂರನೆಯದು. ಬಂದದ್ದೇ 2,08,152 ತಾನೇ ಎಂದು ಅಷ್ಟಕ್ಕೆ ಬಿಲ್ಲನ್ನು ಇಳಿಸಿ ಕ್ರೆಡಿಟ್ ನೋಟ್ ಕೊಡುವುದು. ಬಿಲ್ಲಿನ ಬೆಲೆ ಇಳಿದೇ ಇಲ್ಲ. 1,80,000 ಪೂರ್ತಿ ಆದಾಯವೇ, ಮುರಿದ ತೆರಿಗೆಯೂ ನಿಮ್ಮ ಕೈಗೆ ಬಂದ ಆದಾಯವೆಂದೇ ಕಾನೂನು ಎಣಿಸುತ್ತದೆ. ಜಿಎಸ್‌ಟಿ 32,400ನ್ನೂ ಪೂರ್ತಿ ಕಟ್ಟಬೇಕು. ಆದಾಯ ತೆರಿಗೆಯ ಟಿಡಿಎಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಆ ಭಾಗಾಕಾರದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಅದು ಎಲ್ಲ ಬಾರಿಯೂ ಇಷ್ಟು ಸಲೀಸಾಗಿ ಉತ್ತರ ಕೊಡುವುದಿಲ್ಲ. ಶೇ 1, 2, 10 ಬಂದರೆ ಸರಿಯಾಗಿ ಹಿಡಿದಿದ್ದಾರೆ ಎಂದು ಮೇಲ್ನೋಟಕ್ಕೆ ಒಪ್ಪಬಹುದು. 1.18, 2.36, 11.8 ಬಂದರೆ ಜಿಎಸ್‌ಟಿ ಸೇರಿಸಿ ಹಿಡಿದಿದ್ದಾರೆ. ಶೇ 20 ಬಂದರೆ ನಿಮ್ಮ ಪ್ಯಾನ್ ಅವರಿಗೆ ಸಿಕ್ಕಿಲ್ಲ, ಇಲ್ಲವೇ ಆಧಾರ್ ಜೋಡಿಸದೆ ಅದು ನಿಷ್ಕ್ರಿಯವಾಗಿದೆ.

ಒಮ್ಮೆ ಒಬ್ಬ ಹೆಣ್ಣುಮಗಳು ನನ್ನ ಬಳಿ ಶೇ 4ರ ಕಡಿತ ತಂದರು. ಕಂಪನಿಯೊಂದರ ಕ್ಯಾಂಟೀನಿಗೆ ಊಟ ಒದಗಿಸುವವರು. ತಿಂಗಳಿಗೆ 27,000ದ ಬಿಲ್. ಮೂರು ತಿಂಗಳು ಒಂದು ಪೈಸೆಯೂ ಮುರಿಯದೆ ಕೊಟ್ಟವರು ನಾಲ್ಕನೇ ತಿಂಗಳು 1,080 ಮುರಿದಿದ್ದರು. ಶೇ 4 ಎಂಬ ದರ 194ಸಿಯಲ್ಲಿ ಇಲ್ಲ. ಇರುವುದು ಎರಡು ಮಿತಿ. ಒಂದೇ ಬಿಲ್ 30,000 ದಾಟಿದರೆ ಟಿಡಿಎಸ್ ಹಿಡಿಯಬೇಕು. ಒಂದೊಂದೂ ಅದಕ್ಕಿಂತ ಕಮ್ಮಿಯಿದ್ದರೆ ವರ್ಷದಲ್ಲಿ ಎಲ್ಲ ಸೇರಿ ಒಂದು ಲಕ್ಷ ದಾಟಿದಾಗ ಹಿಡಿಯಬೇಕು. ಮೂರು ಬಿಲ್ಲಿಗೆ 81,000 ಆಗಿತ್ತು, ನಾಲ್ಕನೆಯದಕ್ಕೆ 1,08,000. ಮಿತಿ ದಾಟಿದ ಬಿಲ್ಲಿನಲ್ಲಿ ಹಿಂದಿನ ಮೂರರ ಪಾಲನ್ನೂ ಸೇರಿಸಿ 1,08,000ದ ಶೇ 1 ಮುರಿದಿದ್ದರು. ಒಂದು ಬಿಲ್ಲನ್ನೇ ನೋಡುತ್ತ ಕೂತರೆ ಇದು ಜನ್ಮದಲ್ಲಿ ಹೊಂದುವುದಿಲ್ಲ. ವರ್ಷದ ಮೊದಲಿನಿಂದ ಆ ಗಿರಾಕಿಯ ಬಿಲ್ಲುಗಳನ್ನು ಕೂಡಿ ನೋಡಬೇಕು.

ದಾರಿ ತಪ್ಪಿಸುವ ಸಂಖ್ಯೆಗಳೂ ಇವೆ. ಕಟ್ಟಡದ ಕೆಲಸದಲ್ಲಿ ಬಿಲ್ಲಿನ ಶೇ 5 ಅಥವಾ 10ನ್ನು ರಿಟೆನ್ಷನ್ ಎಂದು ಹಿಡಿದಿಟ್ಟು, ಕೆಲಸ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಕೊಡುವ ಪದ್ಧತಿಯಿದೆ. ಅದು ಗಿರಾಕಿಯ ಬಳಿಯೇ ಇರುವ ನಿಮ್ಮ ದುಡ್ಡು. ಶೇ 10 ಕಂಡ ಕೂಡಲೇ ಟಿಡಿಎಸ್ ಎಂದು ಬರೆದುಕೊಂಡರೆ ಅದು ತೆರಿಗೆಯ ಲೆಕ್ಕದಲ್ಲೂ ಸಿಗುವುದಿಲ್ಲ, ಗಿರಾಕಿಯಿಂದ ಕೇಳುವುದೂ ಮರೆತುಹೋಗುತ್ತದೆ. ಸರ್ಕಾರಿ ಇಲಾಖೆಗಳು 2.5 ಲಕ್ಷ ಮೀರಿದ ಗುತ್ತಿಗೆಗಳಲ್ಲಿ ಹಿಡಿಯುವ ಶೇ 2ರ ಇನ್ನೊಂದು ಟಿಡಿಎಸ್ ಇದೆ. ಅದು ಜಿಎಸ್‌ಟಿ ಕಾನೂನಿನದು, ಜಮಾ ಆಗುವುದು ಜಿಎಸ್‌ಟಿ ಪೋರ್ಟಲ್‌ನ ಕ್ಯಾಶ್ ಲೆಡ್ಜರ್‌ಗೆ. ಹೆಸರು ಒಂದೇ ಆದ್ದರಿಂದ ಗುತ್ತಿಗೆದಾರರು ಒಂದನ್ನು ಇನ್ನೊಂದರ ಮನೆಯಲ್ಲಿ ಹುಡುಕುತ್ತಿರುತ್ತಾರೆ. ಭಾಗಾಕಾರ ಸುಳಿವು ಮಾತ್ರ. ಗಿರಾಕಿ ಕಳಿಸುವ ಪೇಮೆಂಟ್ ಅಡ್ವೈಸ್‌ನಲ್ಲಿ ಯಾವ ಬಿಲ್ಲಿಗೆ ಯಾವ ಕಡಿತ ಎಂದು ಬರೆದಿರುತ್ತದೆ. ಅದು ಬರದಿದ್ದರೆ ಕೇಳಿ ತರಿಸಿಕೊಳ್ಳಬೇಕು.

ಫೆಬ್ರವರಿಗೆ ಬಂದೆವು. ಗಿರಾಕಿ ಚಲನ್ ಕಟ್ಟಿದ ಮಾತ್ರಕ್ಕೆ ಅದು ಯಾರ ತೆರಿಗೆ ಎಂದು ಇಲಾಖೆಗೆ ಗೊತ್ತಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಅವರು 26ಕ್ಯೂ ಎಂಬ ರಿಟರ್ನ್ ಹಾಕಿ ಯಾವ ಪ್ಯಾನ್‌ಗೆ ಎಷ್ಟು ಎಂದು ಹಂಚಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದಕ್ಕೆ ಕೊನೆಯ ದಿನ ಜನವರಿ 31, ಅದಾದ ಹದಿನೈದು ದಿನದೊಳಗೆ ಫಾರ್ಮ್ 16ಎ ಕೊಡಬೇಕು. ಹಾಗಾಗಿ ಡಿಸೆಂಬರ್ ಬಿಲ್ಲಿನ ಟಿಡಿಎಸ್‌ಗೆ ಫೆಬ್ರವರಿ ಮಧ್ಯದ ಮೊದಲು ಗಲಾಟೆ ಮಾಡಿ ಫಲವಿಲ್ಲ. ಅದರ ನಂತರವೂ ಕಾಣದಿದ್ದರೆ ಸುಮ್ಮನಿರಬಾರದು.

ನೋಡಬೇಕಾದ ಜಾಗ ಫಾರ್ಮ್ 26ಎಎಸ್, ಪ್ರತಿಯೊಬ್ಬ ತೆರಿಗೆದಾರನ ಪಾಸ್‌ಬುಕ್ ಇದ್ದಂತೆ. ಆದಾಯ ತೆರಿಗೆಯ ಪೋರ್ಟಲ್ `incometax.gov.in`ಗೆ ಹೋಗಿ ಅಲ್ಲಿಂದ ಟ್ರೇಸಸ್ ಎಂಬ ತಾಣದೊಳಗೆ ತೆರೆಯಬಹುದು. ಅದರಲ್ಲಿ ಗಿರಾಕಿಯ ಹೆಸರು, ಟ್ಯಾನ್ ನಂಬರು, ತಾರೀಖು, ಕೊಟ್ಟ ಮೊತ್ತ, ಮುರಿದ ತೆರಿಗೆ ಇರುತ್ತವೆ. ಇಲ್ಲದ್ದು ಒಂದೇ, ಬಿಲ್ ನಂಬರ್. ತಾಳೆ ಹಾಕುವವರ ಕಷ್ಟವೆಲ್ಲ ಅಲ್ಲಿಂದಲೇ ಶುರು. ತಾರೀಖು ನೋಡಿ ಹೊಂದಿಸೋಣವೆಂದರೆ ಅದು ಬ್ಯಾಂಕಿಗೆ ದುಡ್ಡು ಬಂದ ತಾರೀಖಲ್ಲ, ಗಿರಾಕಿ ಬಿಲ್ಲನ್ನು ಪುಸ್ತಕಕ್ಕೆ ಏರಿಸಿದ ದಿನದ್ದು. ನಮ್ಮ ಬಿಲ್ 10ನೇ ಡಿಸೆಂಬರ್, ದುಡ್ಡು 24ನೇ ಜನವರಿ, 26ಎಎಸ್‌ನಲ್ಲಿ ಕಂಡದ್ದು 12ನೇ ಡಿಸೆಂಬರ್. ಜನವರಿ ಕಡೆಗೆ ಹುಡುಕಿದ ಯಜಮಾನರು “ಬಂದೇ ಇಲ್ಲ ಸರ್” ಎಂದು ಇನ್ನೊಂದು ಫೋನು ಮಾಡಿದ್ದು ಅದಕ್ಕೇ.

ಸಾಲಿನ ಪಕ್ಕದಲ್ಲಿ ಒಂದು ಅಕ್ಷರವೂ ಇರುತ್ತದೆ. `F` ಎಂದಿದ್ದರೆ ಕಟ್ಟಿದ್ದಕ್ಕೂ ತೋರಿಸಿದ್ದಕ್ಕೂ ತಾಳೆಯಾಗಿದೆ ಎಂದು ಅರ್ಥ. `U` ಎಂದಿದ್ದರೆ ರಿಟರ್ನ್‌ನಲ್ಲಿ ತೋರಿಸಿದ್ದಾರೆ, ಅದಕ್ಕೆ ಸರಿಹೊಂದುವ ಚಲನ್ ಸಿಕ್ಕಿಲ್ಲ. ನಮ್ಮದಕ್ಕೆ `F` ಇತ್ತು. ಆದರೆ ಕೊಟ್ಟ ಮೊತ್ತದ ಕಾಲಮ್ಮಿನಲ್ಲಿ 1,80,000ದ ಬದಲು 2,12,400 ಇತ್ತು.

ಶುಕ್ರವಾರದ ಆ ಫೋನಿನಿಂದ ನನಗೆ ಚಿಂತೆಯಿದ್ದದ್ದು ಇದರದೇ. ಹೆಚ್ಚು ಮುರಿದ ತೆರಿಗೆ ವಾಪಸು ಬರುತ್ತದೆ, ಆದರೆ ಜಿಎಸ್‌ಟಿ ಸೇರಿಸಿ ತೋರಿಸಿದ ಮೊತ್ತ ನಿಮ್ಮ ಆದಾಯವನ್ನು ಕಾಗದದ ಮೇಲೆ ಉಬ್ಬಿಸುತ್ತದೆ. ನೀವು 1,80,000 ಆದಾಯ ತೋರಿಸಿ 2,12,400ರ ಮೇಲಿನ ಟಿಡಿಎಸ್ ಕೇಳಿದಾಗ, ‘ತೆರಿಗೆಯ ಜಮಾ ಕೇಳಿದ್ದೀರಿ, ಅದಕ್ಕೆ ತಕ್ಕ ಆದಾಯ ತೋರಿಸಿಲ್ಲ’ ಎಂಬ ನೋಟಿಸ್ ಬರಬಹುದು. ಅದಕ್ಕೆ ಹೆದರಿ ಜಿಎಸ್‌ಟಿಯನ್ನೂ ಆದಾಯವೆಂದು ತೋರಿಸಿದವರನ್ನು ಕಂಡಿದ್ದೇನೆ. ಬೇಕಾಗಿರುವುದು ಒಂದು ಪುಟದ ಲೆಕ್ಕ.

2025ರ ಮೇನಲ್ಲಿ ನಾವು ಆ ಗಿರಾಕಿಯ ಇಡೀ ವರ್ಷದ್ದನ್ನು ಕೂತು ಬರೆದೆವು. ನಮ್ಮ ಪುಸ್ತಕದಲ್ಲಿ ನಾಲ್ಕು ಬಿಲ್ಲು, ಜಿಎಸ್‌ಟಿ ಬಿಟ್ಟು: ಜೂನ್‌ನಲ್ಲಿ 60,000, ಸೆಪ್ಟೆಂಬರ್‌ನಲ್ಲಿ 90,000, ಡಿಸೆಂಬರ್‌ನಲ್ಲಿ 1,80,000, ಮಾರ್ಚ್ 28ಕ್ಕೆ 70,000. ಒಟ್ಟು 4,00,000. 26ಎಎಸ್‌ನಲ್ಲಿ ಅದೇ ಗಿರಾಕಿಯ ಹೆಸರಿನಲ್ಲಿ ಮೂರೇ ಸಾಲು, ಒಟ್ಟು 3,62,400. ವ್ಯತ್ಯಾಸ 37,600. ಮೊದಲ ನೋಟಕ್ಕೆ ಈ ಸಂಖ್ಯೆಗೆ ತಲೆಬುಡವಿಲ್ಲ. ಒಂದರ ಹಿಂದೆ ಎರಡು ಕಾರಣ ಅಡಗಿದ್ದರೆ ಹೀಗೇ ಆಗುತ್ತದೆ. ಮಾರ್ಚ್ ಬಿಲ್ಲನ್ನು ಕಾರ್ಖಾನೆಯವರು ಏಪ್ರಿಲ್‌ನಲ್ಲಿ ಪುಸ್ತಕಕ್ಕೆ ಏರಿಸಿದ್ದರು, ಹಾಗಾಗಿ 70,000 ಈ ವರ್ಷದ 26ಎಎಸ್‌ನಲ್ಲಿ ಇಲ್ಲ. ಡಿಸೆಂಬರ್ ಬಿಲ್ಲಿನಲ್ಲಿ ಜಿಎಸ್‌ಟಿಯ 32,400 ಹೆಚ್ಚಾಗಿ ಸೇರಿದೆ.

```
4,00,000 - 70,000 + 32,400 = 3,62,400
600 + 900 + 4,248 = 5,748
```

ಎರಡನೇ ಸಾಲು ತೆರಿಗೆಯದು. 26ಎಎಸ್‌ನಲ್ಲೂ 5,748 ಇತ್ತು. ಬಿಲ್ಲುಗಳ ಪ್ರತಿ, ಮೇಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಸೇರಿಸಿ ಪಿನ್ ಹಾಕಿ ಕಡತಕ್ಕೆ ಇಟ್ಟೆವು. ರಿಟರ್ನ್‌ನಲ್ಲಿ ಆದಾಯ 4,00,000, ಟಿಡಿಎಸ್ 5,748 ಎಂದೇ ತೋರಿಸಿದೆವು. ವಾರ್ಷಿಕ ಮಾಹಿತಿ ಪತ್ರವಾದ ಎಐಎಸ್‌ನಲ್ಲಿ ಆ ಸಾಲಿಗೆ ‘ಈ ಮೊತ್ತ ಪೂರ್ತಿ ಸರಿಯಲ್ಲ’ ಎಂದು ಅಭಿಪ್ರಾಯ ದಾಖಲಿಸುವ ಅವಕಾಶವಿದೆ, ಅದನ್ನೂ ಮಾಡಿದೆವು.

ಗಿರಾಕಿ ಮುರಿದು, ಕಟ್ಟದೇ ಇದ್ದರೆ? ಒಬ್ಬ ಪ್ರಿಂಟಿಂಗ್ ಪ್ರೆಸ್ಸಿನವರಿಗೆ ಹಾಗಾಗಿತ್ತು. ಮುರಿದ ಗಿರಾಕಿ ಬಾಗಿಲು ಹಾಕಿಕೊಂಡು ಹೋಗಿದ್ದರು, 26ಎಎಸ್ ಖಾಲಿ. ಕಾನೂನು ಇಲ್ಲಿ ಸಪ್ಲೈಯರ್ ಪರವಾಗಿದೆ. ಒಮ್ಮೆ ಮುರಿದ ತೆರಿಗೆಯನ್ನು ಮತ್ತೆ ಅವನಿಂದ ಕೇಳುವಂತಿಲ್ಲ ಎಂದು 1961ರ ಕಾಯ್ದೆಯ 205ನೇ ಕಲಮು ಹೇಳುತ್ತದೆ. ಅಂಥ ಬೇಡಿಕೆಯನ್ನು ಬಲವಂತವಾಗಿ ವಸೂಲಿ ಮಾಡಬೇಡಿ ಎಂದು ನೇರ ತೆರಿಗೆ ಮಂಡಳಿ 2015ರ ಜೂನ್‌ನಲ್ಲಿ ಅಧಿಕಾರಿಗಳಿಗೆ ಸೂಚನೆ ಕೊಟ್ಟಿತ್ತು. ಆದರೆ ರಿಟರ್ನ್ ನೋಡುವುದು ಕಂಪ್ಯೂಟರು. ಅದಕ್ಕೆ ಕಾಣುವುದು 26ಎಎಸ್ ಮಾತ್ರ. ಅಲ್ಲಿ ಇಲ್ಲದ್ದನ್ನು ಕೇಳಿದರೆ ಡಿಮ್ಯಾಂಡ್ ನೋಟಿಸ್ ಬರುತ್ತದೆ, ಆಮೇಲೆ ಪುರಾವೆ ಹಿಡಿದು ಉತ್ತರ ಕೊಡಬೇಕು. ಪ್ರೆಸ್ಸಿನವರ ಬಳಿ ಪೇಮೆಂಟ್ ಅಡ್ವೈಸ್ ಇತ್ತು, ಬ್ಯಾಂಕಿಗೆ ಕಮ್ಮಿ ಬಂದ ಗುರುತು ಇತ್ತು. ಮುರಿದದ್ದು ಟಿಡಿಎಸ್ಸೇ ಎಂದು ತೋರಿಸಲು ಆ ಒಂದು ಹಾಳೆ ಸಾಕಾಯಿತು. ನಮ್ಮ ಯಜಮಾನರಿಗೆ ಅಂದೇ ಮೇಲ್ ಕಳಿಸಿ ಎಂದದ್ದು ಆ ಅನುಭವದಿಂದ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವಂತೆ ಬರೆಯಲಾಗಿದೆ. 194ಸಿ, 194ಜೆ ಎಂದು ಬಾಯಿಪಾಠವಾಗಿದ್ದ ಕಲಮುಗಳೆಲ್ಲ ಅದರ 393ನೇ ಕಲಮಿನ ಕೋಷ್ಟಕಗಳೊಳಗೆ ಸೇರಿವೆ. ಹಾಗಾಗಿ ಹಳೆಯ ಬಿಲ್ಲಿಗೆ ಹಳೆಯ ನಂಬರು, ಹೊಸದಕ್ಕೆ ಹೊಸದು ಎಂದು ಎರಡನ್ನೂ ಕೆಲಕಾಲ ಜೊತೆಗೇ ಓದಬೇಕು. ಬಿಲ್ಲು, ಬ್ಯಾಂಕು, ಪ್ಯಾನ್ ಲೆಕ್ಕ ಈ ಮೂರನ್ನು ತಾಳೆ ನೋಡುವ ಕೆಲಸ ಮಾತ್ರ ಅದೇ.

ಇನ್ನು ಮಾರ್ಚ್ ಬಿಲ್ಲಿನ 700 ರೂಪಾಯಿ. ಆದಾಯ 2024-25ರದ್ದು, ತೆರಿಗೆ ಮುರಿದದ್ದು 2025-26ರಲ್ಲಿ. ಆದಾಯ ಯಾವ ವರ್ಷದ್ದೋ ಜಮಾ ಕೂಡ ಆ ವರ್ಷಕ್ಕೇ ಸಿಗಬೇಕು ಎಂಬುದು ನಿಯಮ, ಆದರೆ ಆ ವರ್ಷದ ಪಾಸ್‌ಬುಕ್ಕಿನಲ್ಲಿ ಅದು ಇಲ್ಲ. ಇಂಥದಕ್ಕೆಂದೇ 2023ರ ಅಕ್ಟೋಬರ್‌ನಿಂದ ಫಾರ್ಮ್ 71 ಎಂಬ ಅರ್ಜಿ ಬಂದಿದೆ. ತೆರಿಗೆ ಮುರಿದ ಆರ್ಥಿಕ ವರ್ಷ ಮುಗಿದ ಎರಡು ವರ್ಷದೊಳಗೆ ಹಾಕಿದರೆ ಹಳೆಯ ವರ್ಷದ ಲೆಕ್ಕವನ್ನು ತಿದ್ದಿಕೊಡುತ್ತಾರೆ. ಎಪ್ಪತ್ತು ಸಾವಿರ ಆಗಿದ್ದರೆ ನಾನೇ ಅಂದೇ ಕೂತು ಹಾಕುತ್ತಿದ್ದೆ. ಏಳುನೂರಕ್ಕೆ ಹಾಕಬೇಕೇ ಎಂದು ಕೇಳಿದೆ.

“ಹಾಕಿ ಸರ್” ಎಂದರು ಯಜಮಾನರು. “ಆ ವಾಷರ್‌ಗೂ ದುಡ್ಡು ತಗೊಂಡಿಲ್ಲ ನಾನು.”